ಸ್ಲ್ಯಾಬ್ ಡಿಸೈನ್ ಚೆಕ್‌ಲಿಸ್ಟ್: ಎಲ್ಲಾ ಪಾಸ್, ಡಿಫ್ಲೆಕ್ಷನ್ ಸಾಲು ಮಾತ್ರ ಫೇಲ್, ಯಾಕೆ?

ಶಿರಾಗೇಟ್_ಹುಡುಗ (ತುಮಕೂರು)
ನಮಸ್ಕಾರ ಎಲ್ರಿಗೂ. ಐಎಸ್ 456 ಮೇಲೆ ನಮ್ಮ ಲೆಕ್ಚರ್ ನೋಟ್ಸ್‌ನ ಎಕ್ಸೆಲ್ ಚೆಕ್‌ಲಿಸ್ಟ್ ಮಾಡ್ತಿದೀನಿ, ಕೋಡ್‌ನ ಒಂದೊಂದು ಕ್ಲಾಜ್‌ಗೆ ಒಂದೊಂದು ಸಾಲು, ಪಕ್ಕದಲ್ಲಿ ಲಿಮಿಟ್, ಕೊನೇಲಿ ಪಾಸ್ ಅಥವಾ ಫೇಲ್. ಟೆಸ್ಟ್ ಮಾಡಕ್ಕೆ ಒಂದು ಒನ್‌ವೇ ಸ್ಲ್ಯಾಬ್ ಹಾಕ್ದೆ. ಗೋಡೆಯಿಂದ ಗೋಡೆಗೆ 3.475 ಮೀಟರ್, ಸಿಂಪ್ಲಿ ಸಪೋರ್ಟೆಡ್, ದಪ್ಪ 150, ಕವರ್ 20, ಎಂ20, ಎಫ್‌ಇ500, ಲೈವ್ ಲೋಡ್ 2, ಫಿನಿಶ್ 1. ಬೇಕಾದ ಕಂಬಿ 322 ಚದರ ಮಿಮೀ ಬಂತು, 10 ಎಂಎಂ ಕಂಬಿ 240ಕ್ಕೆ ಒಂದರಂತೆ ಕೊಟ್ರೆ 327, ಸಾಕು. ಸ್ಪೇಸಿಂಗ್ ಪಾಸ್, ಶಿಯರ್ ಪಾಸ್. ಆದ್ರೆ 23.2.1 ಸಾಲು, ಎಫೆಕ್ಟಿವ್ ಸ್ಪ್ಯಾನ್ 3600 ಭಾಗಿಸು ಎಫೆಕ್ಟಿವ್ ಡೆಪ್ತ್ 125 ಅಂದ್ರೆ 28.8, ಲಿಮಿಟ್ 20, ಕೆಂಪು. ಊರೆಲ್ಲಾ ಇಷ್ಟೇ ದಪ್ಪ ಹಾಕ್ತಾರಲ್ವಾ?

ಕೋಲಾರ_ಸೈಟ್
ಗುರು ತಲೆ ಕೆಡಿಸ್ಕೋಬೇಡ, ದಪ್ಪ ಸಾಲ್ದೆ ಹೋದ್ರೆ ದಪ್ಪ ಜಾಸ್ತಿ ಮಾಡು ಅಷ್ಟೆ. 20 ಅಂದ್ರೆ 20. 3600 ಭಾಗಿಸು 20 ಅಂದ್ರೆ ಡೆಪ್ತೇ 180 ಬೇಕು, ಅಷ್ಟು ಇಲ್ದಿದ್ರೂ ನಾನಾದ್ರೆ 175 ದಪ್ಪ ಹಾಕಿ ಮುಗಿಸ್ತೀನಿ.

ಚಿಂತಾಮಣಿ_ಮನೆ
ಡಿಫ್ಲೆಕ್ಷನ್ ಅಂದಿದ್ದಕ್ಕೆ ಕೇಳ್ತಿದೀನಿ, ನಮ್ಮ ಬಾಲ್ಕನಿ 4 ಅಡಿ ಮುಂದಕ್ಕೈತೆ, ತುದಿ ಸ್ವಲ್ಪ ಇಳಿದಂಗೆ ಕಾಣ್ಸತ್ತೆ, ಗೋಡೆ ಹತ್ರ ಮೇಲ್ಗಡೆ ಬಿರುಕು. ಈ ಎಕ್ಸೆಲ್‌ನಲ್ಲಿ ಹಾಕಿದ್ರೆ ಗೊತ್ತಾಗುತ್ತಾ?

ಕ್ಯಾತ್ಸಂದ್ರ_ಡಿಸೈನ್
ಚಿಂತಾಮಣಿಯವ್ರೆ, ಗೊತ್ತಾಗಲ್ಲ. ಇದು ಕಟ್ಟೋಕೆ ಮುಂಚೆ ಮಾಡೋ ಲೆಕ್ಕ. ಮೇಲ್ಗಡೆ ಬಿರುಕು ಬಿಟ್ಟಿರೋ ಬಾಲ್ಕನಿಗೆ, ಮೇಲಿನ ಕಂಬಿ ಕಾಂಕ್ರೀಟ್ ಹಾಕೋವಾಗ ತುಳಿದು ಕೆಳಗೆ ಹೋಗಿದ್ಯಾ ಅಂತ ಯಾರಾದ್ರೂ ಎಂಜಿನಿಯರ್ ಬಂದು ನೋಡ್ಬೇಕು. ಅಲ್ಲೀವರ್ಗೂ ಅದರ ಮೇಲೆ ಭಾರ ಇಡ್ಬೇಡಿ, ಜನಾನೂ ನಿಲ್ಲೋದು ಬೇಡ.

ತಮ್ಮಾ, ನಿನ್ನ ಲೆಕ್ಕ ಸರಿಯಾಗೇ ಇದೆ, ಸಾಲಿನ ಜಾಗ ತಪ್ಪು. ಪಾಠ ಕ್ಲಾಜ್ ನಂಬರ್ ಪ್ರಕಾರ ಹೋಗುತ್ತೆ, ಡಿಸೈನ್ ಹಂಗೆ ಹೋಗಲ್ಲ. 23.2.1 ನಿನ್ನ ಶೀಟ್‌ನಲ್ಲಿ ಎರಡು ಸಲ ಬರ್ಬೇಕು. ಮೊದಲನೇ ಸಲ ದಪ್ಪ ಊಹೆ ಮಾಡಕ್ಕೆ, ಅಲ್ಲಿ ಪಾಸ್ ಫೇಲ್ ಇಲ್ಲ. ಎರಡನೇ ಸಲ ಕಂಬಿ ಕೊಟ್ಟಾದ್ಮೇಲೆ, ಅವಾಗ್ಲೇ ನಿಜವಾದ ಚೆಕ್. ಯಾಕಂದ್ರೆ 20 ಅನ್ನೋದು ಬೇಸಿಕ್ ವ್ಯಾಲ್ಯೂ ಅಷ್ಟೇ, ಅದನ್ನ ಟೆನ್ಶನ್ ಕಂಬಿಯ ಮಾಡಿಫಿಕೇಶನ್ ಫ್ಯಾಕ್ಟರ್‌ನಿಂದ ಗುಣಿಸ್ಬೇಕು. ಕೋಡ್‌ನಲ್ಲಿ ಚಾರ್ಟ್ ಇದೆ, ಎಕ್ಸೆಲ್‌ಗೆ ಎಸ್‌ಪಿ 24ರ ಸೂತ್ರ ಹಾಕ್ಕೋ, 2 ದಾಟಿದ್ರೆ 2 ಅಂತ್ಲೇ ತಗೋ.

```
fs = 0.58*fy*Ast_req/Ast_prov
MF = 1/(0.225 + 0.00322*fs - 0.625*LOG10(1/pt))
```

ನಿನ್ನ 240 ಸ್ಪೇಸಿಂಗ್‌ಗೆ fs ಸುಮಾರು 286, pt 0.26, ಫ್ಯಾಕ್ಟರ್ 1.28. ಅಂದ್ರೆ ಲಿಮಿಟ್ 25.6, ಇನ್ನೂ ಫೇಲ್. ಈಗ ದಪ್ಪ ಮುಟ್ಟದೆ ಅದೇ ಕಂಬೀನ 200ಕ್ಕೆ ಒಂದು ಮಾಡು. 393 ಚದರ ಮಿಮೀ ಆಗುತ್ತೆ, fs 238ಕ್ಕೆ ಇಳಿಯುತ್ತೆ, pt 0.314, ಫ್ಯಾಕ್ಟರ್ 1.48, ಲಿಮಿಟ್ 29.6. ನಿಂದು 28.8, ಪಾಸ್. ಹೆಚ್ಚಾಗಿದ್ದು ಚದರ ಮೀಟರ್‌ಗೆ ಅರ್ಧ ಕೆಜಿ ಕಂಬಿ.

ಅದಕ್ಕೇ ಪ್ರತಿ ಸಾಲಿಗೆ "ಫೇಲ್ ಆದ್ರೆ ಎಲ್ಲಿಗೆ ವಾಪಸ್" ಅಂತ ಒಂದು ಕಾಲಂ ಇಡು. ಡಿಫ್ಲೆಕ್ಷನ್ ಫೇಲ್ ಆದ್ರೆ ಮೊದಲು ಕಂಬಿ ಸಾಲಿಗೆ ಹೋಗು, ಅದ್ರಿಂದ ಆಗ್ದಿದ್ರೆ ದಪ್ಪದ ಸಾಲಿಗೆ. ದಪ್ಪ ಬದಲಾಯಿಸಿದ್ರೆ ಸ್ವಂತ ಭಾರ ಬದಲಾಗುತ್ತೆ, ಲೋಡ್‌ನಿಂದ ಎಲ್ಲಾ ಮತ್ತೆ ಮಾಡ್ಬೇಕು.

ಇನ್ನೊಂದು, "ಪರ್ಸೆಂಟ್" ಅಂತ ಬರೋ ಕಡೆಯೆಲ್ಲಾ ಯಾವುದರ ಪರ್ಸೆಂಟ್ ಅಂತ ಬರಿ. ಕನಿಷ್ಠ ಕಂಬಿ 0.12 ಇರೋದು ಪೂರ್ತಿ ದಪ್ಪದ ಮೇಲೆ, 150ಕ್ಕೆ ಅಂದ್ರೆ 180 ಚದರ ಮಿಮೀ. ಮೇಲಿನ pt ಮಾತ್ರ ಎಫೆಕ್ಟಿವ್ ಡೆಪ್ತ್ 125ರ ಮೇಲೆ. ಪಾಠ ಕೇಳೋವಾಗ ಎರಡೂ ಒಂದೇ ಥರ ಕೇಳಿಸುತ್ತೆ. ಸ್ಪೇಸಿಂಗ್‌ಗೂ ಅಷ್ಟೇ, ಬರೀ 300 ಅಂತ ಟೈಪ್ ಮಾಡ್ಬೇಡ, 3d ಅಥವಾ 300 ಇವೆರಡ್ರಲ್ಲಿ ಕಮ್ಮಿ ಅಂತ MIN ಹಾಕು. ಇಲ್ಲಿ 375 ಬರೋದ್ರಿಂದ 300 ನಿಲ್ಲುತ್ತೆ, ತೆಳು ಸ್ಲ್ಯಾಬ್‌ಗೆ 3d ಹಿಡ್ಕೊಳುತ್ತೆ.

ಕೋಲಾರ_ಸೈಟ್
ಸರಿ ಸಾರ್, ಆದ್ರೂ 175 ಹಾಕಿದ್ರೆ ಪಾಸ್ ಆಗೇ ಆಗುತ್ತಲ್ಲ? ಸೈಟ್‌ನಲ್ಲಿ ಕಂಬಿ 200ಕ್ಕೆ ಅಂದಿದ್ದನ್ನ 230ಕ್ಕೆ ಕಟ್ಟಿ ಹೋಗ್ತಾರೆ, ಅವಾಗ ನಿಮ್ಮ ಅರ್ಧ ಕೆಜಿ ಎಲ್ಲಿರುತ್ತೆ?

ಕ್ಯಾತ್ಸಂದ್ರ_ಡಿಸೈನ್
ಪಾಸ್ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಪ್ರತಿ ಚದರ ಮೀಟರ್‌ಗೆ 0.625 ಕಿಲೋನ್ಯೂಟನ್ ಹೆಚ್ಚು ಭಾರ ಬೀಮ್‌ಗೆ, ಅಲ್ಲಿಂದ ಫೂಟಿಂಗ್‌ಗೆ. ಸೈಟ್ ಮಾತು ನಿಜ, ಅದಕ್ಕೆ ನಾನು 28.8ಕ್ಕೆ 29.6 ಅನ್ನೋ ಅಂಚಲ್ಲಿ ಬಿಡಲ್ಲ, ಕಂಬಿ 180ಕ್ಕೆ ಒಂದು ಕೊಡ್ತೀನಿ. ಅದು ನನ್ನ ಅಭ್ಯಾಸ, ಕೋಡ್ ಅಲ್ಲ.

ಶಿರಾಗೇಟ್_ಹುಡುಗ
ಸಾರ್ ಸೂಪರ್, 200 ಹಾಕ್ದೆ, ಹಸಿರು ಬಂತು. ಒಂದೇ ಡೌಟು, ಸ್ಲ್ಯಾಬ್ ಒಂದು ಕಡೆ ಮಾತ್ರ ಕಂಟಿನ್ಯೂಯಸ್ ಇದ್ರೆ ಬೇಸಿಕ್ 20 ತಗೊಳ್ಳದಾ 26ಆ?

ಕ್ಯಾತ್ಸಂದ್ರ_ಡಿಸೈನ್
ಕೊನೇ ಸ್ಪ್ಯಾನ್‌ಗೆ ಅಂತ ಬೇರೆ ನಂಬರ್ ಅಲ್ಲಿ ಕೊಟ್ಟಿಲ್ಲ. ಕೆಲವ್ರು ಸರಾಸರಿ 23 ತಗೋತಾರೆ, ನಾನೂ ಅದೇ.

ಕೋಲಾರ_ಸೈಟ್
ನಮ್ಮ ಕನ್ಸಲ್ಟೆಂಟ್ 26 ಹಾಕ್ತಾರೆ, ನಾನು ಕೇಳಿದ್ರೆ ಬೈತಾರೆ.