ಮುಂಜಿ: ಅಮ್ಮನ ತುತ್ತಿನಿಂದ ಅಮ್ಮನ ಭಿಕ್ಷೆಯವರೆಗೆ

ಮಗನಿಗೆ ಮುಂಜಿ, ಅಂದರೆ ಉಪನಯನ, ಮಾಡಬೇಕು, ಆದರೆ ಇಲ್ಲಿ ಹೊರದೇಶದಲ್ಲೇ ಹುಟ್ಟಿ ಬೆಳೆದವನಿಗೆ ಏನಂತ ವಿವರಿಸೋದು ಎಂದು ಇಲ್ಲಿ ಕೆಲವರು ಕೇಳಿದ್ದೀರಿ. ಹೋದ ಬೇಸಿಗೆಯಲ್ಲಿ ನಮ್ಮ ಮಗನಿಗೆ ಇಲ್ಲೇ ಮಾಡಿದೆವು. ಅವನಿಗೆ ಆಗ 9 ವರ್ಷ. ಶುರುವಿನಲ್ಲಿ ಎಲ್ಲ ವಿಧಿಗಳನ್ನೂ ಒಂದೊಂದಾಗಿ ಹೇಳಲು ಹೋದೆ, ಅವನಿಗೆ ತಲೆಗೆ ಹತ್ತಲಿಲ್ಲ. ಆಮೇಲೆ ಮೂರೇ ಘಟ್ಟ ಹೇಳಿದೆ: ಅಮ್ಮನ ಜೊತೆ ಊಟ, ಅಪ್ಪನಿಂದ ಮಂತ್ರ, ಮತ್ತೆ ಅಮ್ಮನಿಂದ ಭಿಕ್ಷೆ. ಅದು ಅವನಿಗೆ ನಾಟಿತು.

ಮೊದಲನೆಯದು ಮಾತೃಭೋಜನ. ಬಾಳೆಲೆಯ ಮುಂದೆ ತಾಯಿ ಮಗ ಒಟ್ಟಿಗೆ ಕೂರುತ್ತಾರೆ, ತಾಯಿ ತನ್ನ ಕೈಯಿಂದಲೇ ತುತ್ತು ಕೊಡುತ್ತಾಳೆ. ಇಷ್ಟು ದಿನ ಅವನು ಅಮ್ಮನ ಮಡಿಲ ಮಗು, ಹೀಗೆ ಜೊತೆಗೆ ಕೂತು ಉಣ್ಣುವುದು ಇದೇ ಕೊನೆ ಎಂಬ ಭಾವ ಅದರಲ್ಲಿದೆ. ನನ್ನ ಹೆಂಡತಿ ಎರಡನೇ ತುತ್ತಿಗೇ ಅತ್ತುಬಿಟ್ಟಳು. ದಯವಿಟ್ಟು ಈ ಊಟವನ್ನು ಅವಸರದಲ್ಲಿ ಮುಗಿಸಬೇಡಿ. ನಮ್ಮ ಮುಹೂರ್ತ 10.20ಕ್ಕೆ ಇತ್ತು, ಹಾಲ್ ಕೈಗೆ ಸಿಕ್ಕಿದ್ದು 8 ಗಂಟೆಗೆ. ಹಿರಿಯರನ್ನು ನೆನೆಯುವ ನಾಂದಿ, ಊಟ, ಕೂದಲು ತೆಗೆಸುವುದು, ಸ್ನಾನ ಎಲ್ಲ ಅಷ್ಟರೊಳಗೇ ಆಗಬೇಕಿತ್ತು. ನಾಂದಿಯನ್ನು ಹಿಂದಿನ ದಿನ ಮನೆಯಲ್ಲೇ ಮುಗಿಸಿಕೊಂಡಿದ್ದರೆ ನಿರಾಳವಾಗಿ ಇರ್ತಿತ್ತು. ಮುಹೂರ್ತ ಬ್ರಹ್ಮೋಪದೇಶಕ್ಕೆ, ಅಂದರೆ ಅಪ್ಪ ಮಂತ್ರ ಹೇಳಿಕೊಡುವ ಗಳಿಗೆಗೆ ಎಂದು ಪುರೋಹಿತರು ಮೊದಲೇ ಹೇಳಿದ್ದರು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಸ್ನಾನ ಆದಮೇಲೆ ಅಪ್ಪ ಮತ್ತು ವಟು, ಅಂದರೆ ಮುಂಜಿಯ ಹುಡುಗ, ಇಬ್ಬರ ನಡುವೆ ಅಂತಃಪಟ ಎಂಬ ಬಟ್ಟೆ ಹಿಡಿದು ಮಂಗಳಾಷ್ಟಕ ಹೇಳುತ್ತಾರೆ. ಬಟ್ಟೆ ಸರಿದಾಗ ಎದುರಿಗೆ ಕಾಣುವವನು ಮಗನಲ್ಲ, ಶಿಷ್ಯ. ಉಪನಯನ ಅಂದರೆ ಹತ್ತಿರ ಕರೆದೊಯ್ಯುವುದು, ಗುರುವಿನ ಹತ್ತಿರ. ನಂತರ ಮೂರೆಳೆಯ ಜನಿವಾರ ಎಡ ಹೆಗಲ ಮೇಲಿಂದ ಬರುತ್ತದೆ. ಸೊಂಟಕ್ಕೆ ಮುಂಜ ಎಂಬ ಹುಲ್ಲಿನ ಉಡಿದಾರ ಮೂರು ಸುತ್ತು. 'ಮುಂಜಿ' ಎಂಬ ಹೆಸರು ಬಂದಿರುವುದೇ ಆ ಹುಲ್ಲಿನಿಂದ. ಕೈಗೆ ಮುತ್ತುಗದ ಕೋಲು. ಕಲ್ಲಿನ ಮೇಲೆ ಕಾಲಿಡಿಸಿ 'ಹೀಗೆ ಗಟ್ಟಿಯಾಗಿರು' ಅನ್ನುವ ವಿಧಿ ಮಗನಿಗೆ ತುಂಬ ಇಷ್ಟವಾಯಿತು. ಇವುಗಳ ಕ್ರಮ ಮನೆತನ ಅನುಸರಿಸುವ ಗೃಹ್ಯಸೂತ್ರದ ಮೇಲೆ ಹಿಂದೆ ಮುಂದೆ ಆಗುತ್ತದೆ, ಹಾಗಾಗಿ ಬೇರೆಯವರ ವಿಡಿಯೋ ನೋಡಿ ತಪ್ಪು ಅಂದುಕೊಳ್ಳಬೇಡಿ. ಒಂದು ಮಾತು: ವಟುವಿಗೆಂದು ಊರಿಂದ ಕೃಷ್ಣಾಜಿನ, ಅಂದರೆ ಕೃಷ್ಣಮೃಗದ ಚರ್ಮ, ತರಬೇಡಿ. ಕೃಷ್ಣಮೃಗ ಭಾರತದ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪ್ರಾಣಿ. ಚರ್ಮದ ಚಿಕ್ಕ ತುಂಡು ಸಿಕ್ಕಿದರೂ ತೊಂದರೆ. ನಮ್ಮ ಪುರೋಹಿತರು ದರ್ಭೆಯಲ್ಲೇ ನಡೆಸಿದರು.

ಇನ್ನು ಬ್ರಹ್ಮೋಪದೇಶ. ಅಪ್ಪ, ಅಮ್ಮ, ಮಗ ಮೂವರ ಮೇಲೂ ರೇಷ್ಮೆ ವಸ್ತ್ರ ಹೊದಿಸಿದರು. ಒಳಗೆ ಸ್ವಲ್ಪ ಕತ್ತಲು, ಉಸಿರು ಕೇಳಿಸುವಷ್ಟು ಹತ್ತಿರ. ಮಗನ ಬಲಗಿವಿಯಲ್ಲಿ ನಾನು ಗಾಯತ್ರಿ ಹೇಳಬೇಕು. ಒಮ್ಮೆಲೇ ಅಲ್ಲ. ಮೊದಲು ಒಂದೊಂದೇ ಪಾದ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಮೂರು ಪಾದ, ಪಾದಕ್ಕೆ ಎಂಟು ಅಕ್ಷರ. ಮಗು ಹಿಂದೆಯೇ ಹೇಳಿಕೊಳ್ಳಲಿ ಎಂದೇ ಹೀಗೆ ತುಂಡು ಮಾಡಿರುವುದು.

'ನನಗೆ ಇದು ಮೊದಲೇ ಗೊತ್ತಲ್ಲಪ್ಪಾ, ಯೂಟ್ಯೂಬಲ್ಲಿ ಕೇಳಿದ್ದೀನಿ' ಅಂತ ಹಿಂದಿನ ವಾರ ಮಗ ಹೇಳಿದ್ದ. ನಾನಂದೆ, 'ಕೇಳಿದ್ದೀಯ, ಆದರೆ ನಿನಗೆ ಅಂತ ಯಾರೂ ಕೊಟ್ಟಿಲ್ಲ. ನಮ್ಮಪ್ಪ ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ನಿನಗೆ ಕೊಡ್ತೀನಿ.' ಅರ್ಥವನ್ನೂ ಒಂದೇ ಸಾಲಲ್ಲಿ ಹೇಳಿಕೊಟ್ಟೆ: ಸೂರ್ಯದೇವನ ಆ ಶ್ರೇಷ್ಠ ಬೆಳಕನ್ನು ಧ್ಯಾನಿಸೋಣ, ಅವನು ನಮ್ಮ ಬುದ್ಧಿಯನ್ನು ಒಳ್ಳೆಯ ಕಡೆಗೆ ನಡೆಸಲಿ. ಮುಂಜಿಯ ದಿನ ಒಳಗೆ ಮಂತ್ರ ಹೇಳುತ್ತಿದ್ದಾಗ ಫೋಟೋಗ್ರಾಫರ್ ವಸ್ತ್ರ ಎತ್ತಿ ಕ್ಯಾಮೆರಾ ತೂರಿಸಿದ. ಮಗ ಬೆಚ್ಚಿ ಎರಡನೇ ಪಾದ ಮರೆತ. ನಾವು ಮತ್ತೆ ಮೊದಲಿಂದ ಶುರು ಮಾಡಿದೆವು. ಒಳಗಿನ ಫೋಟೋ ಬೇಡ ಅಂತ ಮೊದಲೇ ಹೇಳಿಬಿಡಿ.

ಕೊನೆಗೆ ಭಿಕ್ಷೆ. ಕೋಲು ಹಿಡಿದು, ಜೋಳಿಗೆ ಒಡ್ಡಿ, ವಟು ಮೊದಲು ಹೋಗುವುದು ಅಮ್ಮನ ಬಳಿಗೆ. 'ಭವತಿ ಭಿಕ್ಷಾಂ ದೇಹಿ' ಅನ್ನುತ್ತಾನೆ, ಅಂದರೆ 'ತಾವು ಭಿಕ್ಷೆ ಕೊಡಿ'. ಮೊದಲು ಅಮ್ಮನ ಹತ್ತಿರ ಏಕೆ ಅಂದರೆ, ಇಲ್ಲ ಎನ್ನದವರ ಹತ್ತಿರ ಕೇಳಲು ಕಲಿಯಲಿ ಅಂತ. ಗುರುಕುಲದಲ್ಲಿ ಶಿಷ್ಯನ ಊಟ ಊರಿನ ಮನೆಗಳಿಂದಲೇ ಬರಬೇಕಿತ್ತು, ಬಂದದ್ದನ್ನು ಗುರುವಿಗೆ ಒಪ್ಪಿಸಬೇಕಿತ್ತು. ನಮ್ಮಲ್ಲಿ ಈಗ ಬೆಳ್ಳಿ ಬಟ್ಟಲು, ಡಾಲರ್ ನೋಟು, ವಿಡಿಯೋ ಗೇಮ್ ತನಕ ಹಾಕುವವರಿದ್ದಾರೆ. ನನಗೆ ಅದು ಹಿಡಿಸಲ್ಲ. ನಾವು ಆಹ್ವಾನದಲ್ಲೇ 'ಭಿಕ್ಷೆಗೆ ಅಕ್ಕಿ ಮಾತ್ರ' ಎಂದು ಬರೆದಿದ್ದೆವು. ಬಂದ ಅಕ್ಕಿಯಷ್ಟನ್ನೂ ಮಗನೇ ಇಲ್ಲಿನ ಫುಡ್ ಬ್ಯಾಂಕಿಗೆ ಕೊಟ್ಟು ಬಂದ.

ಬೆಳಗ್ಗೆ ತುತ್ತು ಕೊಟ್ಟ ಅದೇ ಕೈ ಮಧ್ಯಾಹ್ನ ಮೂರು ಹಿಡಿ ಅಕ್ಕಿ ಹಾಕಿತು. ಈ ಸಲ ಮಗ ಕೂತಿರಲಿಲ್ಲ, ನಿಂತು ಕೇಳಿದ, ಅದೂ 'ತಾವು' ಎನ್ನುವ ಗೌರವದಿಂದ. ಮನೆಗೆ ಬಂದಮೇಲೆ ಅವನೇ ಅಮ್ಮನಿಗೆ ಹೇಳಿದ, 'ಬೆಳಗ್ಗೆ ನೀನು ಕೊಟ್ಟೆ, ಆಮೇಲೆ ನಾನು ಕೇಳಿದೆ ಅಲ್ವಾ?'