ಪದಚರ್ಚೆ: ಬಿಳಿ ಬೂಟು ಕಾಗೆಯ ಕಪ್ಪನ್ನು ‘ದೃಢಪಡಿಸುತ್ತದೆಯೇ’?

ಪ್ರಶ್ನೆ, ಹಾಸನದಿಂದ

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಮಕ್ಕಳಿಗಾಗಿ ತರ್ಕಶಾಸ್ತ್ರದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕನ್ಫರ್ಮ್’ ಎಂಬ ಒಂದೇ ಕ್ರಿಯಾಪದದ ಬಳಿ ವಾರದಿಂದ ನಿಂತಿದ್ದೇನೆ.

ಸಂದರ್ಭ ಇದು. ‘ಕಾಗೆಗಳೆಲ್ಲ ಕಪ್ಪು’ ಎಂಬ ಮಾತಿಗೆ ಕಣ್ಣಿಗೆ ಬಿದ್ದ ಪ್ರತಿ ಕಪ್ಪು ಕಾಗೆಯೂ ಬೆಂಬಲ. ಅದೇ ಮಾತನ್ನು ತಿರುಗಿಸಿ ‘ಕಪ್ಪಲ್ಲದ್ದು ಯಾವುದೂ ಕಾಗೆಯಲ್ಲ’ ಎಂದರೂ ಹೇಳಿದ್ದು ಅದನ್ನೇ. ಬಿಳಿ ಬೂಟು ಕಪ್ಪಲ್ಲ, ಕಾಗೆಯೂ ಅಲ್ಲ. ತಿರುಗಿಸಿದ ಮಾತಿಗೆ ಅದು ಬೆಂಬಲವಾದರೆ ಮೊದಲಿನದಕ್ಕೂ ಆಗಲೇಬೇಕು. ಕಾರ್ಲ್ ಹೆಂಪೆಲ್ 1945ರಲ್ಲಿ ಬರೆದ ಪ್ರಸಿದ್ಧ ತೊಡಕು ಇದು.

ನಾನು ‘ಬೂಟು ಈ ಮಾತನ್ನು ದೃಢಪಡಿಸುತ್ತದೆ’ ಎಂದು ಬರೆದೆ. ತರಗತಿಯಲ್ಲಿ ಓದಿದಾಗ ಹುಡುಗಿಯೊಬ್ಬಳು, “ಒಂದು ಬೂಟಿನಿಂದ ಇಷ್ಟು ದೊಡ್ಡ ಮಾತು ಖಾತ್ರಿಯಾಗುವುದು ಹೇಗೆ ಮೇಡಂ?” ಎಂದಳು. ಅವಳನ್ನು ದಾರಿ ತಪ್ಪಿಸಿದ್ದು ನನ್ನ ಪದವೇ ಎಂದು ನನಗೆ ಅನ್ನಿಸುತ್ತಿದೆ. ಬೇರೆ ಯಾವ ಪದ ಹೊಂದುತ್ತದೆ?

ಸಕಲೇಶಪುರದಿಂದ

ಮೇಡಂ, ಮೊದಲು ಕಾಗೆಯನ್ನು ಸರಿಪಡಿಸಿ. ಹೆಂಪೆಲ್ ಬರೆದದ್ದು ರೇವನ್ ಎಂಬ ದೊಡ್ಡ ಹಕ್ಕಿಯ ವಿಷಯ. ನಮ್ಮ ಊರುಕಾಗೆಯ ಕತ್ತು ಬೂದು ಬಣ್ಣದ್ದು, ಮೈಯೆಲ್ಲ ಕಪ್ಪಾಗಿರುವುದು ಕಾಡುಕಾಗೆ. ಇಪ್ಪತ್ತು ವರ್ಷದಿಂದ ತೋಟದಲ್ಲಿ ಹಕ್ಕಿ ನೋಡುತ್ತಿದ್ದೇನೆ. ‘ಕಾಗೆಗಳೆಲ್ಲ ಕಪ್ಪು’ ಎಂದು ಬರೆದರೆ ನಮ್ಮೂರಿನ ಮಗು ಕಿಟಕಿಯಾಚೆ ನೋಡಿ ತಪ್ಪು ಎಂದೀತು. ‘ಕಾಡುಕಾಗೆಗಳೆಲ್ಲ ಕಪ್ಪು’ ಎಂದೇ ಬರೆಯಿರಿ.

ಬೇಲೂರಿನಿಂದ

‘ಪುಷ್ಟಿ ಕೊಡುತ್ತದೆ’ ಎನ್ನಿ ತಾಯಿ. ಸಾಕ್ಷಿಯೊಂದು ಮಾತಿಗೆ ಪುಷ್ಟಿ ಕೊಟ್ಟಿತು ಎಂದರೆ ಮಾತು ಅಲ್ಲಿಗೇ ಮುಗಿಯಿತೆಂದು ಯಾರೂ ತಿಳಿಯುವುದಿಲ್ಲ. ‘ದೃಢಪಡಿಸು’ ಎಂದರೆ ಬಾಗಿಲಿಗೆ ಅಗುಳಿ ಹಾಕಿದ ಹಾಗೆ.

ಆದರೆ ತೊಡಕಿನ ಬೇರು ತಿರುಗಿಸುವುದರಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ‘ಅಲ್ಲ’ ಬಂದೊಡನೆ ಅರ್ಥ ಜಾರುತ್ತದೆ. ‘ಎಲ್ಲ ಕಾಗೆಗಳೂ ಕಪ್ಪಲ್ಲ’ ಎಂದರೆ ಒಂದೂ ಕಪ್ಪಲ್ಲ ಎಂದೋ, ಕೆಲವು ಕಪ್ಪಲ್ಲ ಎಂದೋ? ತಿರುಗಿಸಿದ ವಾಕ್ಯ ಮೂಲಕ್ಕೆ ಸಮವೇ ಅಲ್ಲ.

ಚಿಕ್ಕಮಗಳೂರಿನಿಂದ

ಮೇಷ್ಟರೇ, ನೀವು ಕೊಟ್ಟ ವಾಕ್ಯ ಜಾರುವುದು ನಿಜ. ಆದರೆ ‘ಕಪ್ಪಲ್ಲದ್ದು ಯಾವುದೂ ಕಾಗೆಯಲ್ಲ’ ಎಂಬುದು ಜಾರುವುದಿಲ್ಲ, ಅದು ಮೂಲಕ್ಕೆ ಪೂರ್ತಿ ಸಮ. ಬೇರು ಇರುವುದು ಪುಷ್ಟಿಯ ಪ್ರಮಾಣದಲ್ಲಿ.

ಕಾಫಿ ಗೋದಾಮಿನಲ್ಲಿ ಲೆಕ್ಕ ಬರೆದವನು ನಾನು, ಅಲ್ಲಿಯದೇ ಉದಾಹರಣೆ ಕೊಡುತ್ತೇನೆ. ಸಾವಿರ ಮೂಟೆಗಳಿವೆ ಎನ್ನಿ. ಹತ್ತರಲ್ಲಿ ರೊಬಸ್ಟಾ, ಉಳಿದವುಗಳಲ್ಲಿ ಅರೇಬಿಕಾ. ಕೆಂಪು ಗುರುತಿಲ್ಲದ ಮೂಟೆಗಳು 900. ‘ರೊಬಸ್ಟಾ ಮೂಟೆಗಳಿಗೆಲ್ಲ ಕೆಂಪು ಗುರುತಿದೆ’ ಎನ್ನುತ್ತಾನೆ ಹಮಾಲಿ. ಹತ್ತರಲ್ಲಿ ಒಂದಕ್ಕೆ ಗುರುತು ಹಾಕಲು ಮರೆತಿದ್ದಾನೆ ಎಂಬುದು ನನ್ನ ಅನುಮಾನ. ಎರಡಕ್ಕೂ ಸಮ ಸಾಧ್ಯತೆ ಇರಲಿ.

ರೊಬಸ್ಟಾ ಮೂಟೆಯೊಂದನ್ನು ಎತ್ತಿ ನೋಡಿ ಗುರುತಿದ್ದರೆ ಅವನ ಮಾತಿನ ಸಾಧ್ಯತೆ ಶೇ. 50ರಿಂದ ಸುಮಾರು 52.6ಕ್ಕೆ ಏರುತ್ತದೆ. ಏಕೆಂದರೆ ತಪ್ಪಿದ್ದರೆ ಸಿಕ್ಕಿಬೀಳುವ ಅವಕಾಶ ಹತ್ತಕ್ಕೆ ಒಂದಿತ್ತು. ಗುರುತಿಲ್ಲದ 900ರಲ್ಲಿ ಒಂದನ್ನು ಬಿಚ್ಚಿ ಅರೇಬಿಕಾ ಕಂಡರೆ ಏರುವುದು 50.03ಕ್ಕೆ ಮಾತ್ರ. ಅದೂ ಪುಷ್ಟಿಯೇ, ಆದರೆ ಕೂದಲೆಳೆಯಷ್ಟು. ಜಗತ್ತಿನಲ್ಲಿ ಕಪ್ಪಲ್ಲದ ವಸ್ತುಗಳು ಕಾಗೆಗಳಿಗಿಂತ ಲೆಕ್ಕವಿಲ್ಲದಷ್ಟು ಹೆಚ್ಚು. ಹಾಗಾಗಿ ಬೂಟಿನ ಪುಷ್ಟಿ ನಮ್ಮ ಅನುಭವಕ್ಕೆ ಸೊನ್ನೆಯೆಂದೇ ತೋರುತ್ತದೆ.

ಇನ್ನೊಂದು ಮಾತು. ಮೂಟೆ ಬಿಚ್ಚುವ ಮೊದಲೇ ಒಳಗಿರುವುದು ಅರೇಬಿಕಾ ಎಂದು ಗೊತ್ತಿದ್ದರೆ, ಆಮೇಲೆ ಗುರುತು ನೋಡಿ ಏನೂ ಸಿಗುವುದಿಲ್ಲ. ಬೂಟೆಂದು ತಿಳಿದೇ ಕೈಗೆತ್ತಿಕೊಂಡು ‘ಬಿಳಿ’ ಎಂದರೂ ಹಾಗೆಯೇ. ಆಗ ಅದು ಕಾಗೆಯಾಗಿ ನಮ್ಮನ್ನು ಸೋಲಿಸುವ ಅಪಾಯವೇ ಇರಲಿಲ್ಲ. ಮೇಡಂ, ವಾಕ್ಯದಲ್ಲಿ ‘ಬಿಳಿ ಬೂಟು’ ಎಂದಷ್ಟೇ ಬರೆಯದೆ, ‘ಕಪ್ಪಲ್ಲದ ವಸ್ತುವೊಂದನ್ನು ಆರಿಸಿ ನೋಡಿದಾಗ ಅದು ಬೂಟಾಗಿದ್ದರೆ’ ಎಂದು ಬರೆಯಿರಿ.

ಮತ್ತೆ ಸಕಲೇಶಪುರದಿಂದ

ಹಾಗಾದರೆ ಕಪ್ಪು ಕಾಗೆ ಯಾವಾಗಲೂ ಪುಷ್ಟಿ ಕೊಡುತ್ತದೆ, ಅದರಲ್ಲಿ ಅನುಮಾನವಿಲ್ಲ ತಾನೇ?

ಚಿಕ್ಕಮಗಳೂರಿನಿಂದ

ಯಾವಾಗಲೂ ಅಲ್ಲ ಸಾರ್. ಐ. ಜೆ. ಗುಡ್ 1967ರಲ್ಲಿ ಎರಡು ಜಗತ್ತುಗಳನ್ನು ಕಲ್ಪಿಸಿದರು. ಒಂದರಲ್ಲಿ ಕಾಗೆಗಳು ನೂರು, ಎಲ್ಲವೂ ಕಪ್ಪು. ಇನ್ನೊಂದರಲ್ಲಿ ಸಾವಿರ ಕಪ್ಪು ಕಾಗೆಗಳು, ಒಂದು ಬಿಳಿಯದು. ಎರಡರಲ್ಲೂ ಬೇರೆ ಹಕ್ಕಿಗಳು ಹತ್ತು ಲಕ್ಷ. ನಾವಿರುವುದು ಈ ಎರಡರಲ್ಲಿ ಒಂದರಲ್ಲಿ. ಕಣ್ಣುಮುಚ್ಚಿ ಆರಿಸಿದ ಹಕ್ಕಿ ಕಪ್ಪು ಕಾಗೆಯಾದರೆ, ನಾವು ಎರಡನೆಯ ಜಗತ್ತಿನಲ್ಲಿರುವ ಸಂಭವವೇ ಹೆಚ್ಚುತ್ತದೆ. ಅಲ್ಲಿ ‘ಎಲ್ಲವೂ ಕಪ್ಪು’ ಸುಳ್ಳು. ಹೆಂಪೆಲ್ ಇದನ್ನು ಒಪ್ಪಲಿಲ್ಲ. ಹಿನ್ನೆಲೆಯ ತಿಳಿವಳಿಕೆಯನ್ನೆಲ್ಲ ಬದಿಗಿಟ್ಟು ಕೇಳಿದ ಪ್ರಶ್ನೆ ತನ್ನದು ಎಂದರು. ಹಾಗೆ ಬದಿಗಿಡಲು ಸಾಧ್ಯವೇ ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ.

ಹಾಸನದಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಪುಷ್ಟಿ ಕೊಡು’ ಎಂದೇ ಇಡುತ್ತೇನೆ, ಕಾಡುಕಾಗೆ ಎಂದೂ ಬರೆಯುತ್ತೇನೆ. ಆದರೆ ಗುಡ್ ಅವರ ಕಪ್ಪು ಕಾಗೆಗೆ ಎದುರುಪದ ಬೇಕಲ್ಲ? ಅದು ಮಾತನ್ನು ಸುಳ್ಳಾಗಿಸುವುದಿಲ್ಲ, ಬಲ ಕುಗ್ಗಿಸುತ್ತದೆ ಅಷ್ಟೆ. ‘ಖಂಡಿಸು’ ಅತಿಯಾಯಿತು. ‘ಬಲಗುಂದಿಸು’ ಎಂದರೆ ಆದೀತೇ ಮೇಷ್ಟರೇ?