ಬೆಲೆ ಏರಿತು, ಓಪನ್ ಇಂಟರೆಸ್ಟ್ ಕುಸಿಯಿತು: ಎಕ್ಸ್‌ಪೈರಿ ವಾರದಲ್ಲಿ ಇದನ್ನು ಹೇಗೆ ಓದುವುದು?

ಬೆಣ್ಣೆದೋಸೆ, ದಾವಣಗೆರೆ (ಕೇಳಿದವರು)

ಒಂದು ಲೋಹದ ಕಂಪನಿಯ ಫ್ಯೂಚರ್ಸ್ ಒಂದು ಲಾಟ್ ಕೊಂಡಿದ್ದೇನೆ, 1,400 ಷೇರು. ಕಳೆದ ಬುಧವಾರ ಬೆಲೆ 412 ಇತ್ತು, ಇಂದು ಸೋಮವಾರ 426. ಆದರೆ ಇದೇ ಅವಧಿಯಲ್ಲಿ ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಚ್ಚದೆ ಉಳಿದಿರುವ ಒಪ್ಪಂದಗಳ ಮೊತ್ತ, 3.10 ಕೋಟಿ ಷೇರಿನಿಂದ 1.24 ಕೋಟಿಗೆ ಇಳಿದಿದೆ. ಮೊಬೈಲ್ ಆ್ಯಪ್ ಕೆಂಪಕ್ಷರದಲ್ಲಿ ‘ಶಾರ್ಟ್ ಕವರಿಂಗ್’ ಎಂದು ತೋರಿಸುತ್ತಿದೆ. ಹಾಗೆಂದರೆ ಈ ಏರಿಕೆಗೆ ದಮ್ಮಿಲ್ಲ, ಬೇಗ ಮಾರಿ ಹೊರಬನ್ನಿ ಎನ್ನುತ್ತಾರೆ ಗೆಳೆಯರು. ಇಂಥದ್ದನ್ನು ಕಂಡವರು ಏನು ಮಾಡಿದಿರಿ? ನಾಳೆ ಎಕ್ಸ್‌ಪೈರಿ, ಈ ತಿಂಗಳ ಒಪ್ಪಂದ ಮುಗಿಯುವ ದಿನ.

ಚಾರ್ಟ್ ಚಟ

ಗೆಳೆಯರು ಹೇಳಿದ್ದು ಸರಿ. ಬೆಲೆಯೂ ಓಪನ್ ಇಂಟರೆಸ್ಟ್ ಎಂಬ ಓಐಯೂ ಒಟ್ಟಿಗೆ ಏರಿದರೆ ಹೊಸ ಕೊಳ್ಳುವವರು ಬಂದಿದ್ದಾರೆ. ಬೆಲೆ ಇಳಿದು ಓಐ ಏರಿದರೆ ಹೊಸ ಮಾರುವವರು. ಬೆಲೆ ಏರಿ ಓಐ ಇಳಿದರೆ, ಮೊದಲು ಮಾರಿದ್ದವರು ಹೆದರಿ ವಾಪಸ್ ಕೊಳ್ಳುತ್ತಿದ್ದಾರೆ. ಅವರು ಕೊಂಡು ಮುಗಿದ ಮೇಲೆ ಕೊಳ್ಳಲು ಯಾರೂ ಉಳಿಯುವುದಿಲ್ಲ. 60 ಪ್ರತಿಶತ ಓಐ ಹೋಗಿದೆ ಎಂದರೆ ಕಥೆ ಮುಗಿದಂತೆ. ನಾನಾಗಿದ್ದರೆ ಇಂದೇ ಮಾರುತ್ತಿದ್ದೆ.

ಹಳೆಯ ಜಾಬರ್

ಸ್ವಲ್ಪ ತಡೆಯಿರಿ. ಬೆಣ್ಣೆದೋಸೆ ಅವರು ನೋಡಿರುವುದು ಈ ತಿಂಗಳ ಸೀರೀಸ್ ಒಂದನ್ನೇ. ಎಕ್ಸ್‌ಪೈರಿಗೆ ಒಂದು ದಿನ ಇರುವಾಗ ಯಾವ ಷೇರಿನದನ್ನು ತೆರೆದು ನೋಡಿದರೂ ಆ ಸೀರೀಸಿನ ಓಐ ಹೀಗೆಯೇ ಕುಸಿದಿರುತ್ತದೆ. ಅದಕ್ಕೂ ಹೆದರಿಕೆಗೂ ಸಂಬಂಧವಿಲ್ಲ. ಜನ ಈ ತಿಂಗಳಿನದನ್ನು ಮುಚ್ಚಿ ಮುಂದಿನ ತಿಂಗಳಿನದನ್ನು ತೆರೆಯುತ್ತಿರುತ್ತಾರೆ, ಅಷ್ಟೆ. ಬಾಡಿಗೆ ಮನೆ ಬದಲಿಸಿದವನನ್ನು ಊರು ಬಿಟ್ಟ ಎನ್ನಬಾರದು.

ಷೇರಿನ ಫ್ಯೂಚರ್ಸ್‌ಗೆ ಒಂದೇ ಸಮಯಕ್ಕೆ ಮೂರು ತಿಂಗಳ ಸೀರೀಸ್ ನಡೆಯುತ್ತಿರುತ್ತದೆ. ಮೂರನ್ನೂ ಕೂಡಿ. ಬುಧವಾರದ ಮತ್ತು ಇಂದಿನ ಮೊತ್ತ ಎರಡೂ ಬೇಕು. ಎಕ್ಸ್‌ಚೇಂಜು ದಿನದ ಕೊನೆಗೆ ಹೊರತರುವ ಪಟ್ಟಿಯಾದ ಭಾವ್‌ಕಾಪಿಯಲ್ಲಿ ಸಿಗುತ್ತದೆ, ಹಾಕಿ ನೋಡೋಣ.

ಇನ್ನೊಂದು ಮಾತು, ಚಾರ್ಟ್ ಚಟ ಅವರಿಗೆ. ‘ಕೊಳ್ಳುವವರು ಹೆಚ್ಚಾದರು’ ಎನ್ನುವುದು ನುಡಿಗಟ್ಟಿಗೆ ಸರಿ, ಲೆಕ್ಕಕ್ಕಲ್ಲ. ಬೆಣ್ಣೆದೋಸೆ ಅವರು ಲಾಟ್ ಕೊಂಡ ಗಳಿಗೆಯನ್ನೇ ತೆಗೆದುಕೊಳ್ಳಿ. ಅವರಿಗೆ ಕೊಟ್ಟವನು ಹೊಸದಾಗಿ ಮಾರಿದವನಾಗಿದ್ದರೆ ಓಐ ಒಂದು ಲಾಟ್ ಏರಿತು. ಅವನು ಹಿಂದೆ ಕೊಂಡಿದ್ದನ್ನು ಇವರ ಕೈಗೆ ದಾಟಿಸಿ ಹೊರಗೆ ಹೋಗಿದ್ದರೆ ಓಐ ಅಲುಗಲೇ ಇಲ್ಲ, ವಾಲ್ಯೂಮ್ ಮಾತ್ರ ಏರಿತು. ಎರಡೂ ಕಡೆಯವರು ಹಳೆಯದನ್ನು ಮುಚ್ಚಿಕೊಂಡರೆ ಮಾತ್ರ ಒಂದು ಲಾಟ್ ಇಳಿಯುತ್ತದೆ. ತೆರೆದ ಪ್ರತಿ ಲಾಟ್‌ಗೂ ಒಬ್ಬ ಕೊಂಡವನು, ಒಬ್ಬ ಮಾರಿದವನು ಇದ್ದೇ ಇರುತ್ತಾರೆ. ಅವರಲ್ಲಿ ಯಾರಿಗೆ ಅವಸರವಿತ್ತು ಎಂಬುದನ್ನು ನಾವು ಬೆಲೆ ನೋಡಿ ಊಹಿಸುತ್ತೇವೆ. ಆ್ಯಪ್ ಕೂಡ ಅದೇ ಊಹೆಯನ್ನು ಬಣ್ಣ ಹಚ್ಚಿ ತೋರಿಸುತ್ತದೆ.

ಕೋಟೆ ಬಾಗಿಲು

430ರ ಕಾಲ್‌ನಲ್ಲಿ, ಅಂದರೆ 430ಕ್ಕೆ ಕೊಳ್ಳುವ ಹಕ್ಕು ಕೊಡುವ ಆಪ್ಶನ್‌ನಲ್ಲಿ, ಓಐ ಎಷ್ಟಿದೆ ನೋಡಿದಿರಾ? ಅಲ್ಲಿ ದೊಡ್ಡ ಗುಡ್ಡೆ ಇದ್ದರೆ ಬೆಲೆ ಅದನ್ನು ದಾಟುವುದಿಲ್ಲ. ನಾನು ನಿಫ್ಟಿಯಲ್ಲಿ ಪ್ರತಿ ವಾರ ಹೀಗೆಯೇ ನೋಡುತ್ತೇನೆ. ಹೆಚ್ಚು ಕಾಲ್ ಇರುವ ಸ್ಟ್ರೈಕ್ ಬೆಲೆ ಛಾವಣಿ, ಮಾರುವ ಹಕ್ಕಾದ ಪುಟ್ ಹೆಚ್ಚು ಇರುವ ಸ್ಟ್ರೈಕ್ ಬೆಲೆ ನೆಲ.

ಹಳೆಯ ಜಾಬರ್

ಅವರು ಕೇಳಿದ್ದು ಫ್ಯೂಚರ್ಸ್ ಬಗ್ಗೆ ಸ್ವಾಮಿ. ಆದರೂ ಹೇಳುತ್ತೇನೆ: ಆ ಕಾಲ್ ಮಾರಿದವನ ಮನೆಯಲ್ಲಿ ಷೇರು ಇದ್ದರೆ ಅವನಿಗೆ 430 ದಾಟಿದರೂ ನಿದ್ದೆ ಕೆಡುವುದಿಲ್ಲ. ಷೇರಿಲ್ಲದೆ ಮಾರಿದವನು ಮಾತ್ರ ಓಡಿಬಂದು ವಾಪಸ್ ಕೊಳ್ಳುತ್ತಾನೆ. ಆಗ ನಿಮ್ಮ ಛಾವಣಿಯೇ ಬೆಲೆಯನ್ನು ಮೇಲಕ್ಕೆ ಎಸೆಯುತ್ತದೆ. ಗುಡ್ಡೆ ನೋಡಿ ಅದು ಯಾರದ್ದು ಎಂದು ತಿಳಿಯುವುದಿಲ್ಲ.

ಅಡಿಕೆ ತೋಟ, ಸಾಗರ

ನೀವೆಲ್ಲ ದೊಡ್ಡ ವಿಷಯ ಮಾತನಾಡುತ್ತಿದ್ದೀರಿ, ನಾನು ಸಣ್ಣದನ್ನು ಕೇಳುತ್ತೇನೆ. ಬೆಣ್ಣೆದೋಸೆ ಅವರೇ, ನಾಳೆ ಸಂಜೆಯವರೆಗೆ ಆ ಲಾಟ್ ಇಟ್ಟುಕೊಂಡರೆ 1,400 ಷೇರುಗಳ ಡೆಲಿವರಿ ತೆಗೆದುಕೊಳ್ಳಬೇಕಾಗುತ್ತದೆ, ಗೊತ್ತೇ? 426ರ ಲೆಕ್ಕದಲ್ಲಿ 5,96,400 ರೂಪಾಯಿ. ಷೇರಿನ ಫ್ಯೂಚರ್ಸ್, ಆಪ್ಶನ್ ಎಲ್ಲವೂ 2019ರಿಂದ ಹೀಗೆಯೇ, ನಿಫ್ಟಿಯಂತೆ ಹಣದಲ್ಲಿ ತೀರುವುದಿಲ್ಲ. ನನ್ನ ತಮ್ಮ ಒಮ್ಮೆ ಇದನ್ನು ಮರೆತು ಕುಳಿತಿದ್ದ. ಬ್ರೋಕರ್ ಕಚೇರಿಯಿಂದ ಫೋನ್ ಬಂದಾಗ ಮಧ್ಯಾಹ್ನ ಎರಡೂವರೆ. ಅಡಿಕೆ ಮಂಡಿಯಲ್ಲಿ ತೂಕ ಹಾಕಿಸುತ್ತ ನಿಂತಿದ್ದವನು ಅಲ್ಲಿಂದಲೇ ಬಂದ ಬೆಲೆಗೆ ಮಾರಿದ. ಓಐ ಏರಿದರೆಷ್ಟು ಇಳಿದರೆಷ್ಟು, ಮೊದಲು ಇದನ್ನು ನೋಡಿಕೊಳ್ಳಿ.

ಬೆಣ್ಣೆದೋಸೆ

ಅಕ್ಕ, ನಿಜ ಹೇಳಬೇಕೆಂದರೆ ಗೊತ್ತಿರಲಿಲ್ಲ. ತುಂಬ ಉಪಕಾರವಾಯಿತು.

ಜಾಬರ್ ಸರ್, ಕೂಡಿ ನೋಡಿದೆ. ಬುಧವಾರ ಈ ತಿಂಗಳು 3.10 ಕೋಟಿ, ಮುಂದಿನ ತಿಂಗಳು 42 ಲಕ್ಷ, ಮೂರನೆಯದು 3 ಲಕ್ಷ. ಇಂದು ಈ ತಿಂಗಳು 1.24 ಕೋಟಿ, ಮುಂದಿನ ತಿಂಗಳು 2.46 ಕೋಟಿ, ಮೂರನೆಯದು 5 ಲಕ್ಷ.

ಹಳೆಯ ಜಾಬರ್

ನೋಡಿ, ಆಗ ಒಟ್ಟು 3.55 ಕೋಟಿ, ಈಗ 3.75 ಕೋಟಿ. ಇಳಿದಿಲ್ಲ, 20 ಲಕ್ಷ ಷೇರಿನಷ್ಟು ಏರಿದೆ. ಮೂರರಲ್ಲಿ ಎರಡು ಪಾಲು ಆಗಲೇ ಮುಂದಿನ ತಿಂಗಳುಗಳಿಗೆ ದಾಟಿದೆ. ಶಾರ್ಟ್ ಕವರಿಂಗ್ ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು.

ಹಾಗೆಂದು ಕೊಳ್ಳುವವರ ಜೋರು ಎಂದು ಕುಣಿಯಬೇಡಿ. ಮುಂದಿನ ತಿಂಗಳಿಗೆ ದಾಟಿದವರಲ್ಲಿ ಕೊಂಡವರೂ ಇದ್ದಾರೆ, ಮಾರಿದವರೂ ಇದ್ದಾರೆ. ದಾಟುವ ಅವಸರ ಯಾರಿಗೆ ಹೆಚ್ಚು ಎಂಬುದಕ್ಕೆ ನಾನು ಎರಡು ತಿಂಗಳ ಬೆಲೆಯ ಅಂತರ ನೋಡುತ್ತೇನೆ. ಕೊಂಡವನು ದಾಟಬೇಕಾದರೆ ಹತ್ತಿರದ್ದನ್ನು ಮಾರಿ ದೂರದ್ದನ್ನು ಕೊಳ್ಳಬೇಕು, ಅದರಿಂದ ಅಂತರ ಹಿಗ್ಗುತ್ತದೆ. ಮಾರಿದವನು ದಾಟುವಾಗ ಇದರ ತಿರುಗಾಮುರುಗಾ, ಅಂತರ ಕುಗ್ಗುತ್ತದೆ. ಸುಮ್ಮನೆ ಬಡ್ಡಿಯ ಲೆಕ್ಕದಲ್ಲೇ ಇಷ್ಟಿರಬೇಕು ಎಂದು ಒಂದು ಅಳತೆ ಇಟ್ಟುಕೊಳ್ಳಬಹುದು: 426 ರೂಪಾಯಿಗೆ ವರ್ಷಕ್ಕೆ 7 ಪ್ರತಿಶತ, 28 ದಿನಕ್ಕೆ ಸುಮಾರು 2 ರೂಪಾಯಿ 30 ಪೈಸೆ. ನಿಮ್ಮದರಲ್ಲಿ ಎಷ್ಟಿದೆ?

ಬೆಣ್ಣೆದೋಸೆ

ಈ ತಿಂಗಳು 426, ಮುಂದಿನದು 427.10. ಅಂತರ 1.10 ಮಾತ್ರ. ಹಾಗಾದರೆ ಮಾರಿದವರದೇ ಮೇಲುಗೈಯೇ?

ಚಾರ್ಟ್ ಚಟ

ನಾನು ಹೇಳಲಿಲ್ಲವೇ? ದಾರಿ ಬೇರೆ, ಊರು ಅದೇ.

ಹಳೆಯ ಜಾಬರ್

ಅವಸರ ಬೇಡ. ಮುಂದಿನ ತಿಂಗಳು ಲಾಭಾಂಶ ಏನಾದರೂ ಇದೆಯೇ?

ಬೆಣ್ಣೆದೋಸೆ

ಇದೆ. ಷೇರಿಗೆ ಒಂದೂವರೆ ರೂಪಾಯಿ ಘೋಷಿಸಿದ್ದಾರೆ. ಎಕ್ಸ್-ಡಿವಿಡೆಂಡ್ ದಿನಾಂಕ ನಾಳೆಯ ಎಕ್ಸ್‌ಪೈರಿಯ ನಂತರ, ಮುಂದಿನದಕ್ಕೆ ಮೊದಲು.

ಹಳೆಯ ಜಾಬರ್

ಫ್ಯೂಚರ್ಸ್ ಇಟ್ಟುಕೊಂಡವನಿಗೆ ಲಾಭಾಂಶ ಸಿಗುವುದಿಲ್ಲ. ಆದ್ದರಿಂದ ಮುಂದಿನ ತಿಂಗಳ ಬೆಲೆಯಲ್ಲಿ ಅಷ್ಟು ಕಡಿಮೆ ಇರಲೇಬೇಕು. 2.30ರಲ್ಲಿ 1.50 ಕಳೆದರೆ 80 ಪೈಸೆ. ನಿಮ್ಮಲ್ಲಿರುವುದು 1.10. ಅಂದರೆ ಅಂತರ ಕುಗ್ಗಿಲ್ಲ, 30 ಪೈಸೆ ಹಿಗ್ಗಿಯೇ ಇದೆ. ಕೊಂಡವರು ತುಸು ದುಬಾರಿ ಕೊಟ್ಟಾದರೂ ದಾಟುತ್ತಿದ್ದಾರೆ ಎಂದು ನಾನು ಓದುತ್ತೇನೆ.

ಲೆಕ್ಕದ ಮೇಷ್ಟ್ರು

30 ಪೈಸೆಯ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಬಹುದೇ ಜಾಬರ್ ಅವರೇ? ಬಡ್ಡಿಯನ್ನು 7ರ ಬದಲು 8 ಎಂದಿಟ್ಟರೆ ಸಾಕು, ನಿಮ್ಮ 30 ಪೈಸೆಯೆಲ್ಲ ಅಲ್ಲಿಗೇ ಮುಗಿಯಿತು. ಮೇಲಾಗಿ ಆರ್ಬಿಟ್ರೇಜ್ ಫಂಡ್‌ಗಳು ಷೇರು ಕೊಂಡು ಫ್ಯೂಚರ್ಸ್ ಮಾರಿ ಕುಳಿತಿರುತ್ತವೆ, ತಿಂಗಳು ತಿಂಗಳೂ ದಾಟಿಸುತ್ತವೆ. ಅವುಗಳಿಗೆ ಈ ಕಂಪನಿ ಏರಲಿ ಇಳಿಯಲಿ, ಏನೂ ಆಗಬೇಕಾದ್ದಿಲ್ಲ. ಈ ಹೊಸ 20 ಲಕ್ಷದಲ್ಲಿ ಮಾರಿದ ಕಡೆ ಅವರೇ ಇದ್ದಾರೆಯೋ ಏನೋ.

ನನ್ನದೇ ಎಡವಟ್ಟು ಒಂದನ್ನು ಹೇಳುತ್ತೇನೆ. ನೂರಾರು ಷೇರುಗಳ ಬೆಲೆ, ಓಐ ಎರಡನ್ನೂ ಹೋಲಿಸುವ ಎಕ್ಸೆಲ್ ಹಾಳೆಯೊಂದನ್ನು ನಾನೇ ಮಾಡಿಕೊಂಡಿದ್ದೆ. 2025ರ ಆಗಸ್ಟ್ 26ರಂದು ಅದು ಎಚ್‌ಡಿಎಫ್‌ಸಿ ಬ್ಯಾಂಕಿನ ಸಾಲಿಗೆ ಕಡುಗೆಂಪು ಬಳಿದಿತ್ತು. ಬೆಲೆ ಅರ್ಧಕ್ಕರ್ಧ ಇಳಿದಿದೆ, ಓಐ ಎರಡರಷ್ಟಾಗಿದೆ, ‘ಭಾರೀ ಶಾರ್ಟ್ ಬಿಲ್ಡಪ್’, ಅಂದರೆ ಹೊಸ ಮಾರುವವರ ದಂಡು. ಒಂದು ಕ್ಷಣ ಎದೆ ಧಸಕ್ಕೆಂದಿತು. ಆಗಿದ್ದೇನೆಂದರೆ ಅಂದು ಒಂದಕ್ಕೆ ಒಂದು ಬೋನಸ್ ಷೇರಿನ ಹೊಂದಾಣಿಕೆ. 550ರ ಲಾಟ್ 1,100 ಆಗಿತ್ತು. ಲಾಟ್‌ಗಳ ಎಣಿಕೆ ಇದ್ದಲ್ಲೇ ಇತ್ತು. ನನ್ನ ಹಾಳೆ ಎಣಿಸುತ್ತಿದ್ದುದು ಷೇರುಗಳನ್ನು. ಅಂದಿನಿಂದ ಓಐ ಅಂಕಿ ಲಾಟ್‌ನಲ್ಲಿದೆಯೋ ಷೇರಿನಲ್ಲಿದೆಯೋ ನೋಡದೆ ಮುಂದೆ ಹೋಗುವುದಿಲ್ಲ. ಎನ್‌ಎಸ್‌ಇಯ ಆಪ್ಶನ್ ಚೈನ್ ಲಾಟ್‌ನಲ್ಲಿ ತೋರಿಸುತ್ತದೆ, ಭಾವ್‌ಕಾಪಿ ಷೇರಿನಲ್ಲಿ. ಎರಡನ್ನೂ ಒಂದೇ ಹಾಳೆಗೆ ಸುರಿದವರು ನನ್ನಂತೆಯೇ ಬೆಚ್ಚಿಬೀಳುತ್ತಾರೆ.

ಹಳೆಯ ಜಾಬರ್

ಮೇಷ್ಟ್ರ ಮಾತು ಒಪ್ಪುತ್ತೇನೆ, 30 ಪೈಸೆ ದುರ್ಬಲ ಸಾಕ್ಷಿ. ಅದಕ್ಕೇ ನಾನು ಒಂದು ದಿನದ ಅಂತರ ನಂಬುವುದಿಲ್ಲ, ಇದೇ ಷೇರಿನಲ್ಲಿ ಹಿಂದಿನ ಮೂರು ನಾಲ್ಕು ಎಕ್ಸ್‌ಪೈರಿಗಳಲ್ಲಿ ಎಷ್ಟಿತ್ತು ಎಂದು ಬರೆದಿಟ್ಟುಕೊಂಡು ಹೋಲಿಸುತ್ತೇನೆ. ಆಗ 7 ಸರಿಯೋ 8 ಸರಿಯೋ ಎಂಬ ಜಗಳವೂ ಇರುವುದಿಲ್ಲ. ಈ ಲೋಹದ ಕಂಪನಿಯ ಹಳೆಯ ಅಂಕಿ ನನ್ನ ಬಳಿ ಇಲ್ಲ.

ಓಐ ಇಳಿಯಲು ಇನ್ನೂ ಒಂದು ಕಾರಣವಿದೆ, ಇಲ್ಲಿ ಅನ್ವಯಿಸದಿದ್ದರೂ ತಿಳಿದಿರಲಿ. ಷೇರೊಂದರ ಒಟ್ಟು ಓಐ ಅದಕ್ಕೆ ನಿಗದಿಯಾದ ಮಿತಿಯ 95 ಪ್ರತಿಶತ ದಾಟಿದರೆ ಅದು ನಿಷೇಧದ ಪಟ್ಟಿಗೆ ಸೇರುತ್ತದೆ. 80ಕ್ಕೆ ಇಳಿಯುವವರೆಗೆ ಇರುವ ಪೊಸಿಷನ್ ಕಡಿಮೆ ಮಾಡಿಕೊಳ್ಳಬಹುದೇ ಹೊರತು ಹೆಚ್ಚಿಸುವಂತಿಲ್ಲ. ಆ ದಿನಗಳಲ್ಲಿ ಓಐ ಇಳಿಯುವುದು ಯಾರದೋ ಅಭಿಪ್ರಾಯ ಬದಲಾಗಿ ಅಲ್ಲ, ನಿಯಮ ಇಳಿಸುತ್ತದೆ.

ಚಾರ್ಟ್ ಚಟ

ಹಾಗಾದರೆ ಶಾರ್ಟ್ ಕವರಿಂಗ್ ಎಂಬುದೇ ಇಲ್ಲವೇ?

ಹಳೆಯ ಜಾಬರ್

ಇದೆ. ಸೀರೀಸಿನ ನಡುವೆ, ಮೂರೂ ತಿಂಗಳ ಮೊತ್ತ ಒಂದೆರಡು ದಿನದಲ್ಲಿ ಹತ್ತು ಹನ್ನೆರಡು ಪ್ರತಿಶತ ಕರಗಿ ಬೆಲೆ ಚಿಮ್ಮಿದರೆ ನಾನೂ ಅದೇ ಹೆಸರಿಡುತ್ತೇನೆ. ಆದರೆ ಮರುದಿನ ಇಳಿದೇ ಇಳಿಯುತ್ತದೆ ಎಂಬ ನಿಮ್ಮ ಎರಡನೆಯ ಮಾತನ್ನು ಒಪ್ಪುವುದಿಲ್ಲ. ಹಾಗೆ ಶುರುವಾದ ಏರಿಕೆಯ ಬೆನ್ನಿಗೆ ಹೊಸಬರು ಬಂದು ವಾರಗಟ್ಟಲೆ ನಡೆದದ್ದನ್ನೂ ನೋಡಿದ್ದೇನೆ.

ಚಾರ್ಟ್ ಚಟ

ನಾನು ನೋಡಿದ್ದು ಬಹುಪಾಲು ಇಳಿದದ್ದನ್ನೇ. ಇರಲಿ.

ಬೆಣ್ಣೆದೋಸೆ

ಮಂಗಳವಾರ ಸಂಜೆ ಬರೆಯುತ್ತಿದ್ದೇನೆ. ಡೆಲಿವರಿಗೆ ಕೊಡುವಷ್ಟು ಹಣ ನನ್ನ ಬಳಿ ಇಲ್ಲ, ಹಾಗಾಗಿ ಬೆಳಿಗ್ಗೆ ಹತ್ತೂವರೆಗೇ 424.50ಕ್ಕೆ ಮಾರಿದೆ. ಮುಂದಿನ ತಿಂಗಳಿನದನ್ನು ಕೊಂಡಿಲ್ಲ. ಷೇರು 427ಕ್ಕೆ ಮುಗಿಯಿತು, ಚಾರ್ಟ್ ಚಟ ಅವರೂ ಗೆದ್ದರು ಎನ್ನಲಾಗದು, ಜಾಬರ್ ಸರ್ ಕೂಡ.

ಒಂದು ಅನುಮಾನ ಉಳಿಯಿತು. ಇಂದು ಮೂರೂ ಸೀರೀಸಿನ ಮೊತ್ತ ಕೂಡಿಸಿದರೆ 3.58 ಕೋಟಿಗೆ ಇಳಿದಿದೆ. ಇದನ್ನು ಈಗ ಏನೆಂದು ಓದಲಿ?

ಹಳೆಯ ಜಾಬರ್

ಇಂದು ಏನನ್ನೂ ಓದಬೇಡಿ. ದಾಟದೆ ಮುಚ್ಚಿದವರು ನಿಮ್ಮಂತೆ ಎಷ್ಟೋ ಜನ. ಶುಕ್ರವಾರದ ಅಂಕಿ ತನ್ನಿ.